ಪದಚರ್ಚೆ: ACOS, TACOS ಎರಡಕ್ಕೂ ಪದ ಬೇಕು (ನಾಳೆ ಅಚ್ಚಿಗೆ)

ಶೈಲಜಾ: ಚನ್ನಪಟ್ಟಣದ ಗೊಂಬೆ ಮಾರುವವರಿಗೆ ಕೈಪಿಡಿಯೊಂದನ್ನು ಅನುವಾದಿಸುತ್ತಿದ್ದೇನೆ. ಅಮೆಜಾನ್ ಜಾಹೀರಾತು ವರದಿಯ ACOSಗೆ ‘ಜಾಹೀರಾತು ವೆಚ್ಚ ಪ್ರಮಾಣ’ ಎಂದೂ TACOSಗೆ ‘ಒಟ್ಟು ಮಾರಾಟದಲ್ಲಿ ಜಾಹೀರಾತಿನ ಪಾಲು’ ಎಂದೂ ಬರೆದಿದ್ದೇನೆ. ನಡೆಯುತ್ತದೆಯೇ?

ರಾಘವೇಂದ್ರ: ‘ಜಾಹೀರಾತು’ ಅರಬ್ಬಿ ಮೂಲದ್ದು, ಮರಾಠಿಯ ದಾರಿಯಲ್ಲಿ ಬಂದದ್ದು. ‘ಬಯಲರಿಕೆ’ ಎನ್ನಿ. ‘ಪ್ರಮಾಣ’ ಸಂಸ್ಕೃತ. ‘ಪಾಲು’ ಮಾತ್ರ ಉಳಿಸಿಕೊಳ್ಳಿ, ಒಳ್ಳೆಯ ಪದ.

ಮಂಜುನಾಥ: ತೆಗೆಯಬೇಕಾದದ್ದೇ ಅದು. ತಿಂಗಳಿಗೆ 2,00,000 ರೂಪಾಯಿ ಮಾರಾಟ, ಅದರಲ್ಲಿ ಜಾಹೀರಾತಿನಿಂದ ಬಂದದ್ದು 40,000, ಜಾಹೀರಾತಿನ ಖರ್ಚು 12,000 ಎನ್ನಿ. ‘ಜಾಹೀರಾತಿನ ಪಾಲು’ ಎಂದರೆ ಓದುಗ 40,000ವನ್ನು ಹಿಡಿದು ಶೇ. 20 ಎನ್ನುತ್ತಾನೆ. TACOS ಎಂದರೆ ಖರ್ಚನ್ನು ಒಟ್ಟು ಮಾರಾಟದಿಂದ ಭಾಗಿಸಿದ್ದು, ಇಲ್ಲಿ ಶೇ. 6. ಅದೇ ಖರ್ಚನ್ನು ಜಾಹೀರಾತಿನಿಂದ ಬಂದ ಮಾರಾಟದಿಂದ ಭಾಗಿಸಿದರೆ ACOS, ಶೇ. 30.

ಗಿರೀಶ: ನಾನೂ ಮಾರಾಟಗಾರ. ACOS ಒಂದೇ ಸಾಕು. ನನ್ನದು 30 ಇದ್ದದ್ದು 25ಕ್ಕೆ ಇಳಿದಿದೆ, ಅಂದರೆ ಲಾಭ. ಎರಡನೆಯ ಪದದ ಗೊಡವೆ ಏಕೆ?

ಮಂಜುನಾಥ: ಒಟ್ಟು ಮಾರಾಟ ಏರಿತೇ?

ಗಿರೀಶ: ಇಲ್ಲ, ಅಷ್ಟೇ ಇದೆ.

ಮಂಜುನಾಥ: ಹಾಗಾದರೆ ನೋಡಿ. ಮೇಲಿನ ಲೆಕ್ಕದಲ್ಲೇ ಮುಂದಿನ ತಿಂಗಳು ಖರ್ಚು 15,000, ಜಾಹೀರಾತಿನ ಮಾರಾಟ 60,000 ಆಯಿತೆನ್ನಿ. ACOS ಶೇ. 30ರಿಂದ 25ಕ್ಕೆ ಇಳಿಯಿತು. ಒಟ್ಟು ಮಾರಾಟ ಮಾತ್ರ 2,00,000ದಲ್ಲೇ ನಿಂತಿತು, TACOS ಶೇ. 7.5 ಆಯಿತು. ಜಾಹೀರಾತಿಲ್ಲದೆ ಬರುತ್ತಿದ್ದ ಮಾರಾಟ 1,60,000ದಿಂದ 1,40,000ಕ್ಕೆ ಕುಸಿಯಿತು. ಹೇಗಿದ್ದರೂ ಕೊಳ್ಳುತ್ತಿದ್ದವರಿಗೂ ನೀವು ಹಣ ತೆತ್ತಿರಬಹುದು. ನಿಮ್ಮ ಅಂಗಡಿಯ ಹೆಸರನ್ನೇ ಹುಡುಕಿ ಬಂದವನು ಮೇಲೆ ಕಂಡ ಜಾಹೀರಾತನ್ನು ಒತ್ತಿ ನಿಗದಿತ ದಿನಗಳೊಳಗೆ ಕೊಂಡರೆ, ಆ ಮಾರಾಟ ಜಾಹೀರಾತಿನ ಖಾತೆಗೆ ಹೋಗುತ್ತದೆ. ಹುಡುಕುಪದಗಳ ವರದಿಯಲ್ಲಿ ನಿಮ್ಮ ಹೆಸರಿನ ಮುಂದೆ ಎಷ್ಟು ಖರ್ಚಾಗಿದೆ ಎಂದು ನೋಡಿ, ಗೊತ್ತಾಗುತ್ತದೆ.

ಗಿರೀಶ: ಹೊಸ ಗೊಂಬೆ ಬಿಟ್ಟ ತಿಂಗಳು TACOS ಏರುವುದು ಸಹಜ.

ಮಂಜುನಾಥ: ಒಪ್ಪುತ್ತೇನೆ. ಆಗ ಒಟ್ಟು ಮಾರಾಟವೂ ಬೆಳೆಯುತ್ತಿರಬೇಕು. ಶೈಲಜಾ ಅವರೇ, ಯಾವುದರಿಂದ ಭಾಗಿಸಿದ್ದು ಎಂಬುದು ಪದದಲ್ಲೇ ಕಾಣಲಿ. ‘ಜಾಹೀರಾತು ಮಾರಾಟದ ನೂರಕ್ಕೆ ಖರ್ಚು’, ‘ಒಟ್ಟು ಮಾರಾಟದ ನೂರಕ್ಕೆ ಖರ್ಚು’.

ರಾಘವೇಂದ್ರ: ‘ಖರ್ಚು’ ಕೂಡ ಹೊರಗಿನದು. ‘ವೆಚ್ಚ’ ತದ್ಭವವಾದರೂ ಪರವಾಗಿಲ್ಲ.

ಸರೋಜಮ್ಮ: ನಮ್ಮ ತಂದೆಯ ಅಂಗಡಿಯ ಖಾತೆ ಪುಸ್ತಕದಲ್ಲಿ ಜಮಾ, ಖರ್ಚು, ಬಾಕಿ, ವಸೂಲಿ ಬಿಟ್ಟರೆ ಬೇರೆ ಪದವೇ ಇರಲಿಲ್ಲ. ಅವರು ಲೆಕ್ಕ ತಪ್ಪಿದ್ದೂ ಇಲ್ಲ.

ರಾಘವೇಂದ್ರ: ಅದಕ್ಕೇ ಹೇಳುವುದು, ಅಂಗಡಿಯವರೇ ನುಡಿ ಕೆಡಿಸಿದ್ದು.

ಶೈಲಜಾ: ‘ನೂರಕ್ಕೆ ಖರ್ಚು’ ಎರಡನ್ನೂ ಹಾಕಿದ್ದೇನೆ. ಆದರೆ ಕೋಷ್ಟಕದ ತಲೆಬರಹದಲ್ಲಿ ಇಷ್ಟುದ್ದ ಹಿಡಿಯುವುದಿಲ್ಲ. ಅಲ್ಲಿ ಸದ್ಯಕ್ಕೆ ACOS, TACOS ಎಂದೇ ಬಿಟ್ಟಿದ್ದೇನೆ. ಚಿಕ್ಕ ಪದ ಹೊಳೆದರೆ ರಾತ್ರಿ ಹನ್ನೊಂದರೊಳಗೆ ತಿಳಿಸಿ.