ಜಡ್ಜ್ ಬೈದಾಗ ನಮಗೆ ನಗು ಯಾಕೆ ಬರುತ್ತದೆ?

ವಿನುತಾ, ಜೆ.ಪಿ. ನಗರ
ಭಾನುವಾರ ರಾತ್ರಿ ಊಟ ಮಾಡುತ್ತಾ ಹಾಡಿನ ಶೋ ಒಂದರ ಹಳೆಯ ಆಡಿಷನ್ ನೋಡುತ್ತಿದ್ದೆವು. ಒಬ್ಬ ಹುಡುಗಿಗೆ ಜಡ್ಜ್, "ನೀನು ಹಾಡಿದರೆ ಅಕ್ಕಪಕ್ಕದವರು ಮನೆ ಖಾಲಿ ಮಾಡುತ್ತಾರೆ" ಅಂದರು. ಎಲ್ಲರೂ ನಕ್ಕೆವು, ನಾನೂ ನಕ್ಕೆ. ಹನ್ನೊಂದು ವರ್ಷದ ಮಗ ಮಾತ್ರ, "ಅಮ್ಮಾ, ಹೊರಗೆ ಅವಳ ಅಮ್ಮ ಅಳುತ್ತಿದ್ದಾರೆ ನೋಡು" ಅಂದ. ಇಂಥ ಮಾತಿನಿಂದ ಹಾಡುವವರಿಗೆ ಏನಾದರೂ ಉಪಯೋಗ ಇದೆಯಾ? ಇಲ್ಲದಿದ್ದರೆ ನಮಗೆ ಅದು ಯಾಕೆ ಇಷ್ಟು ಇಷ್ಟವಾಗುತ್ತದೆ?

ಕಿರಣ್, ವಿಜಯನಗರ
ಉಪಯೋಗ ಇದೆ ಅಂತಲೇ ನನ್ನ ಅಭಿಪ್ರಾಯ. ಚೆನ್ನಾಗಿ ಹಾಡದವರಿಗೆ ಮನೆಯವರು, ಗೆಳೆಯರು ಯಾರೂ ನಿಜ ಹೇಳುವುದಿಲ್ಲ. ಒಬ್ಬರಾದರೂ ಹೇಳಬೇಕಲ್ಲ. 2002ರಲ್ಲಿ ಅಮೆರಿಕನ್ ಐಡಲ್ ಎಂಬ ಹಾಡಿನ ಶೋ ಶುರುವಾದಾಗ ಅದರ ಜಡ್ಜ್ ಸೈಮನ್ ಕೋವೆಲ್ ಅಷ್ಟು ಹೆಸರು ಮಾಡಿದ್ದು ಅದಕ್ಕೇ. ಪಕ್ಕದಲ್ಲಿ ಕೂತವರು ಸಮಾಧಾನ ಹೇಳುತ್ತಿದ್ದರು, ಈತ ಮುಖಕ್ಕೆ ಹೊಡೆದಂತೆ ಹೇಳುತ್ತಿದ್ದ. ಜನ ನಂಬಿದ್ದು ಈತನ ಮಾತನ್ನೇ. ನಾವು ನಗುವುದು ಕ್ರೌರ್ಯಕ್ಕಲ್ಲ, ಕೊನೆಗೂ ಯಾರೋ ನಿಜ ಹೇಳಿದರಲ್ಲ ಎನ್ನುವ ಸಮಾಧಾನಕ್ಕೆ.

ನಾಗರಾಜ್, ಕೆಂಗೇರಿ
ಮೇಡಂ, ಅದು ಯಾವ ಶೋ? ಈ ವರ್ಷ ಆಡಿಷನ್ ಯಾವಾಗ? ನನ್ನ ಮಗಳು ಚೆನ್ನಾಗಿ ಹಾಡುತ್ತಾಳೆ. ನಮ್ಮ ಬಡಾವಣೆಯ ಗಣೇಶೋತ್ಸವದಲ್ಲಿ ಎರಡು ಸಲ ಬಹುಮಾನ ಬಂದಿದೆ. ಆದರೆ ಬೈಯುವ ಜಡ್ಜ್ ಅಂದರೆ ಭಯ. ಒಬ್ಬ ಹುಡುಗಿಗೆ ಟಿವಿಯಲ್ಲಿ ಬೈದಿದ್ದಕ್ಕೆ ಮಾತೇ ಹೋಗಿ, ಇಲ್ಲೇ ನಿಮ್ಹಾನ್ಸ್‌ಗೆ ಕರೆತಂದಿದ್ದರು ಅಂತ ಓದಿದ ನೆನಪು. ಹಾಡುತ್ತಿದ್ದ ಹುಡುಗಿ.

ಗಿರಿಧರ, ಚಿಕ್ಕಲಸಂದ್ರ
ಒಂಬತ್ತು ವರ್ಷ ಇಂಥ ಶೋಗಳ ಎಡಿಟ್ ಟೇಬಲ್‌ನಲ್ಲಿ ಕೂತಿದ್ದೇನೆ. ಯಾವ ವಾಹಿನಿ ಅಂತ ಹೇಳುವುದಿಲ್ಲ. ಕಿರಣ್ ಹೇಳಿದ "ಯಾರೂ ನಿಜ ಹೇಳಿರಲಿಲ್ಲ" ಎಂಬ ಮಾತಿನಲ್ಲೇ ಎಲ್ಲಾ ಇದೆ. ಯಾಕೆ ಹೇಳಿರಲಿಲ್ಲ ಗೊತ್ತಾ?

ಆಡಿಷನ್‌ಗೆ ಬೆಳಗ್ಗೆ ಐದಕ್ಕೇ ಕ್ಯೂ ನಿಲ್ಲುತ್ತದೆ. ಅಷ್ಟು ಜನರನ್ನು ಹೆಸರಾಂತ ಜಡ್ಜ್‌ಗಳು ಕೇಳಲು ಆಗುವುದಿಲ್ಲ. ಮೊದಲು ನಮ್ಮ ತಂಡದವರು ಸಣ್ಣ ರೂಮುಗಳಲ್ಲಿ ಕೂತು ಕೇಳುತ್ತಾರೆ, ಒಂದೊಂದು ಕಡೆ ಎರಡು ಸುತ್ತು. ಅಲ್ಲಿಂದ ಮುಂದೆ ಹೋಗುವವರು ಎರಡೇ ಬಗೆ. ತುಂಬಾ ಚೆನ್ನಾಗಿ ಹಾಡುವವರು, ತೀರಾ ಕೆಟ್ಟದಾಗಿ ಹಾಡುವವರು. ಸಾಧಾರಣವಾಗಿ ಹಾಡುವವರನ್ನು ಅಲ್ಲೇ ಕಳಿಸಿಬಿಡುತ್ತಾರೆ. ಹಾಗಾಗಿ ಕೆಟ್ಟದಾಗಿ ಹಾಡುವ ಹುಡುಗಿ ಜಡ್ಜ್ ಎದುರು ನಿಲ್ಲುವ ಹೊತ್ತಿಗೆ ಎರಡು ಸಲ "ನೀವು ಸೆಲೆಕ್ಟ್" ಅಂತ ಕೇಳಿಸಿಕೊಂಡಿರುತ್ತಾಳೆ. ಅವಳ ಮುಖದ ಆ ಧೈರ್ಯ ನಾವು ಕೊಟ್ಟಿದ್ದು.

ಆಮೇಲೆ ಕ್ಯಾಮೆರಾ ಎದುರು ಮಾತಾಡಿಸುತ್ತಾರೆ. "ನೀವೇ ಗೆಲ್ಲುತ್ತೀರಾ?" ಅಂತ ಕೇಳುತ್ತಾರೆ. "ನೋಡೋಣ ಸರ್, ಪ್ರಯತ್ನ ಮಾಡುತ್ತೇನೆ" ಅಂದರೆ, "ಸ್ವಲ್ಪ ಕಾನ್ಫಿಡೆಂಟ್ ಆಗಿ ಹೇಳಮ್ಮ" ಅನ್ನುತ್ತಾರೆ. ನಾಲ್ಕನೇ ಸಲಕ್ಕೆ ಅವಳು "ಹೂಂ, ನಾನೇ ವಿನ್ನರ್" ಅನ್ನುತ್ತಾಳೆ. ಪ್ರಶ್ನೆ ಕತ್ತರಿಸುತ್ತೇವೆ, ಮೊದಲ ಮೂರು ಉತ್ತರಗಳನ್ನೂ ಕತ್ತರಿಸುತ್ತೇವೆ. ಉಳಿಯುವುದು ಆ ಒಂದೇ ವಾಕ್ಯ. ಅದರ ಕೆಳಗೆ ತಮಟೆ ಮ್ಯೂಸಿಕ್ ಹಾಕುತ್ತೇವೆ. ನಿಮ್ಮ ಮನೆಯವರು ನಕ್ಕಿದ್ದು ಈ ಜಾಗ ದಾಟಿದ ಮೇಲೆ ಅಲ್ವಾ ವಿನುತಾ ಅವರೇ?

ವಿನುತಾ, ಜೆ.ಪಿ. ನಗರ
ಹೌದು. ಮೊದಲು ಅವಳು, "ನನ್ನಂಥ ದನಿ ಕರ್ನಾಟಕದಲ್ಲೇ ಇಲ್ಲ" ಅಂದಿದ್ದಳು. ನನ್ನ ಗಂಡ ಆಗಲೇ, "ಇವಳಿಗೆ ಇದೆ ಈಗ" ಅಂದರು.

ಅನಿತಾ, ರಾಜಾಜಿನಗರ
"ಇವಳಿಗೆ ಇದೆ ಈಗ" ಎನ್ನುವ ಮಾತಿನಲ್ಲಿ ನಿಮ್ಮ ಎರಡನೇ ಪ್ರಶ್ನೆಗೆ ಉತ್ತರ ಇದೆ. ನಾನು ಕಾಲೇಜಿನಲ್ಲಿ ಮನಶ್ಶಾಸ್ತ್ರ ಪಾಠ ಮಾಡುತ್ತೇನೆ. ಬೇರೆಯವರು ಸುಮ್ನೆ ಬಿದ್ದರೆ ನಮ್ಮಲ್ಲಿ ಹೆಚ್ಚಿನವರಿಗೆ ಅಯ್ಯೋ ಅನಿಸುತ್ತದೆ. ಮೆರೆಯುತ್ತಿದ್ದವರು ಬಿದ್ದರೆ ಖುಷಿಯಾಗುತ್ತದೆ. "ಒಳ್ಳೇದಾಯಿತು, ಸೊಕ್ಕು ಇಳಿಯಿತು" ಅನ್ನುತ್ತೇವಲ್ಲ, ಅದು. ಬಿದ್ದವರು ಅದಕ್ಕೆ ತಕ್ಕವರು ಅಂತ ನಮಗೆ ಅನಿಸಿದಷ್ಟೂ ಈ ಖುಷಿ ಹೆಚ್ಚು. ಈ ವಿಷಯದಲ್ಲಿ ನಡೆದ ಸಂಶೋಧನೆಗಳಲ್ಲಿ ಮತ್ತೆ ಮತ್ತೆ ಕಂಡ ಸಂಗತಿ ಇದು.

ಅಂದರೆ ಕ್ರೌರ್ಯ ನೋಡುತ್ತಿದ್ದೇವೆ ಅಂತ ಆ ಹೊತ್ತಿಗೆ ನಮಗೆ ಅನಿಸುವುದೇ ಇಲ್ಲ, ನ್ಯಾಯ ನೋಡುತ್ತಿದ್ದೇವೆ ಅನಿಸುತ್ತದೆ. ಗಿರಿಧರ ಅವರು ಹೇಳಿದ ಆ ಒಂದು ವಾಕ್ಯ ಮಾಡುವ ಕೆಲಸ ಅದೇ. ಹುಡುಗಿಯನ್ನು ಮೊದಲು ಸೊಕ್ಕಿನವಳನ್ನಾಗಿ ತೋರಿಸಿದರೆ ಮಾತ್ರ ನಾವು ನಿಶ್ಚಿಂತೆಯಿಂದ ನಗಬಹುದು. ನಿಮ್ಮ ಮಗನಿಗೆ ಅಳುವ ಅಮ್ಮ ಕಂಡರು. ಹಾಗಾಗಿ ಅವನಿಗೆ ನಗು ಬರಲಿಲ್ಲ.

ನಾಗರಾಜ್ ಅವರೇ, ನೀವು ಓದಿದ್ದು 2008ರ ಸುದ್ದಿ. ಕೋಲ್ಕತ್ತಾದ ಹದಿಹರೆಯದ ಹುಡುಗಿ, ಹಾಡಲ್ಲ, ನೃತ್ಯದ ಶೋ. ನಿಮ್ಹಾನ್ಸ್‌ಗೆ ಕರೆತಂದಿದ್ದು ನಿಜ. ಆದರೆ ಬೈದಿದ್ದರಿಂದಲೇ ಹಾಗಾಯಿತು ಅಂತ ಪತ್ರಿಕೆಯ ಸುದ್ದಿ ಓದಿ ನಾವು ತೀರ್ಮಾನಿಸಲು ಆಗುವುದಿಲ್ಲ. ಒಂದಾದ ಮೇಲೆ ಒಂದು ನಡೆಯಿತು ಅಂದ ಮಾತ್ರಕ್ಕೆ ಮೊದಲನೆಯದೇ ಕಾರಣ ಅಂತ ಆಗಿಬಿಡುವುದಿಲ್ಲ.

ಕಿರಣ್, ವಿಜಯನಗರ
ಗಿರಿಧರ ಅವರ ಮಾತು ನನಗೆ ಗೊತ್ತಿರಲಿಲ್ಲ, ಒಪ್ಪುತ್ತೇನೆ. ಆದರೂ ಒಂದು ಮಾತು. 2004ರಲ್ಲಿ ಅದೇ ಅಮೆರಿಕನ್ ಐಡಲ್‌ನಲ್ಲಿ ವಿಲಿಯಂ ಹಂಗ್ ಎನ್ನುವ ಎಂಜಿನಿಯರಿಂಗ್ ವಿದ್ಯಾರ್ಥಿಯನ್ನು ಎಲ್ಲರೂ ಗೇಲಿ ಮಾಡಿದರು. ಆತ ಕುಗ್ಗಲಿಲ್ಲ. ಕೈಲಾದಷ್ಟು ಮಾಡಿದ್ದೇನೆ, ಬೇಸರವಿಲ್ಲ ಅಂದ. ಅದೇ ವರ್ಷ ಆಲ್ಬಮ್ ಕೂಡ ಬಂತು.

ಅನಿತಾ, ರಾಜಾಜಿನಗರ
ಆತ ಕುಗ್ಗಲಿಲ್ಲ, ಸರಿ. ಆದರೆ ಆತನ ಹಾಡುಗಾರಿಕೆ ಆ ಗೇಲಿಯಿಂದ ಸುಧಾರಿಸಿತಾ? ಜನ ಆ ಆಲ್ಬಮ್ ಕೊಂಡಿದ್ದು ಹಾಡು ಚೆನ್ನಾಗಿದೆ ಅಂತ ಅಲ್ಲವಲ್ಲ. ಆತನ ಎದೆಗಾರಿಕೆ ಆತನದು, ಅದರ ಶ್ರೇಯಸ್ಸನ್ನು ಜಡ್ಜ್‌ಗೆ ಕೊಡಬೇಡಿ.

ಪದ್ಮಾ, ಹನುಮಂತನಗರ
ನಾನು ಇಪ್ಪತ್ತೆರಡು ವರ್ಷದಿಂದ ಮನೆಯಲ್ಲಿ ಸಂಗೀತ ಹೇಳಿಕೊಡುತ್ತಿದ್ದೇನೆ. ಮೊದಲ ಪ್ರಶ್ನೆಗೆ ನನ್ನ ಶಿಷ್ಯೆಯೊಬ್ಬಳ ಕಥೆ ಹೇಳುತ್ತೇನೆ. ಹದಿನೇಳು ವರ್ಷ. ಅವಳ ದನಿಗೆ ಐದು ಮನೆ ಶ್ರುತಿ ಹಿತ. ಆಡಿಷನ್‌ನಲ್ಲಿ ಕೊಟ್ಟ ಟ್ರ್ಯಾಕ್ ಅದಕ್ಕಿಂತ ಎತ್ತರದ ಆರು ಮನೆ ಶ್ರುತಿಯದು. ಪಲ್ಲವಿ ಚೆನ್ನಾಗಿ ಬಂತಂತೆ. ಚರಣದಲ್ಲಿ ಮೇಲಿನ ಪಂಚಮ ಹಿಡಿಯುವಲ್ಲಿ ದನಿ ಮುಟ್ಟಲಿಲ್ಲ. ಜಡ್ಜ್, "ಬೆಕ್ಕಿನ ಬಾಲ ತುಳಿದ ಹಾಗಿದೆ" ಅಂದರು. ಎಲ್ಲರೂ ನಕ್ಕರು.

ಅವಳು ಮನೆಗೆ ಬಂದು ಒಂದೂವರೆ ತಿಂಗಳು ಬಾಯಿ ತೆರೆಯಲಿಲ್ಲ. "ನನ್ನ ದನಿಯೇ ಕೆಟ್ಟದು ಟೀಚರ್" ಅಂತ ಒಂದೇ ಮಾತು. ದನಿ ಕೆಟ್ಟದಾಗಿರಲಿಲ್ಲ. ಅವಳ ಫೋನಿನಲ್ಲಿದ್ದ ರೆಕಾರ್ಡಿಂಗ್ ಅನ್ನು ತಂಬೂರಿ ಜೊತೆ ಇಟ್ಟು ಸಾಲು ಸಾಲಾಗಿ ಕೇಳಿದೆ. ತಪ್ಪು ಎರಡೇ ಕಡೆ. ಪಂಚಮ ಕೂದಲೆಳೆಯಷ್ಟು ಕೆಳಗೆ ನಿಲ್ಲುತ್ತಿತ್ತು. ಅದಕ್ಕಿಂತ ಮುಖ್ಯವಾಗಿ, ಅದರ ಹಿಂದಿನ ಸಾಲಿನ ಕೊನೆಯಲ್ಲಿ ಅವಳು ಉಸಿರು ತೆಗೆದುಕೊಳ್ಳುತ್ತಲೇ ಇರಲಿಲ್ಲ. ಖಾಲಿ ಉಸಿರಿನಲ್ಲಿ ಮೇಲೆ ಹತ್ತಲು ಹೋಗಿ, ಕತ್ತು ಬಿಗಿಹಿಡಿದು ಕಿರುಚುತ್ತಿದ್ದಳು. "ಬೆಕ್ಕು" ಆಗಿದ್ದು ಅಲ್ಲಿ.

ಐದು ಮನೆಗೆ ಇಳಿಸಿದೆ. ಉಸಿರಿನ ಜಾಗಕ್ಕೆ ಸಾಹಿತ್ಯದ ಹಾಳೆಯಲ್ಲಿ ಕೆಂಪು ಗೆರೆ ಎಳೆದೆ. ಮೂರು ವಾರಕ್ಕೆ ಪಂಚಮ ನಿಂತಿತು. ಆರು ಮನೆಯಲ್ಲಿ ಮಾತ್ರ ಇವತ್ತಿಗೂ ಪೂರ್ತಿ ನಿಲ್ಲುವುದಿಲ್ಲ. ಅದನ್ನೂ ಅವಳಿಗೆ ಹೇಳಿದ್ದೇನೆ: "ಆ ಹಾಡು ಆ ಶ್ರುತಿಯಲ್ಲಿ ನಿನ್ನದಲ್ಲ." ಇದೂ ಕಹಿ ಮಾತೇ ಕಿರಣ್. ಆದರೆ ಇದನ್ನು ಕೇಳಿದವಳಿಗೆ ನಾಳೆ ಬೆಳಗ್ಗೆ ಏನು ಮಾಡಬೇಕು ಅಂತ ಗೊತ್ತಾಗುತ್ತದೆ. ಬೆಕ್ಕಿನ ಬಾಲ ಅಂದರೆ ಏನು ಗೊತ್ತಾಗುತ್ತದೆ ಹೇಳಿ?

ಅನಿತಾ, ರಾಜಾಜಿನಗರ
ಪದ್ಮಾ ಅವರು ಹೇಳಿದ್ದಕ್ಕೆ ಒಂದು ಆಧಾರ. 1996ರಲ್ಲಿ ಕ್ಲೂಗರ್ ಮತ್ತು ಡಿನಿಸಿ ಎಂಬ ಇಬ್ಬರು ಸಂಶೋಧಕರು ಅದುವರೆಗೆ ಈ ವಿಷಯದಲ್ಲಿ ನಡೆದ ಅನೇಕ ಅಧ್ಯಯನಗಳನ್ನು ಒಟ್ಟು ಹಾಕಿ ನೋಡಿದರು. ತಪ್ಪು ಒಪ್ಪು ಹೇಳಿದಾಗ ಸರಾಸರಿಯಲ್ಲಿ ಕೆಲಸ ಸುಧಾರಿಸುತ್ತದೆ, ನಿಜ. ಆದರೆ ಮೂರರಲ್ಲಿ ಒಂದಕ್ಕಿಂತ ಜಾಸ್ತಿ ಸಂದರ್ಭಗಳಲ್ಲಿ ಹೇಳಿದ ಮೇಲೆ ಕೆಲಸ ಇನ್ನೂ ಕೆಟ್ಟಿತ್ತು. ಗಮನ ಕೆಲಸದ ಮೇಲಿಂದ ಜಾರಿ "ನಾನು ಎಂಥವಳು" ಎನ್ನುವ ಕಡೆ ಹೋದಷ್ಟೂ ಉಪಯೋಗ ಕಡಿಮೆ ಎನ್ನುವುದು ಅವರ ವಿವರಣೆ. ಹೊಗಳಿಕೆಗೂ ಇದು ಅನ್ವಯಿಸುತ್ತದೆ.

ಕಿರಣ್, ವಿಜಯನಗರ
ಹೊಗಳಿಕೆಗೂ ಅಂದಿರಲ್ಲ, ನನ್ನ ತಕರಾರು ಅದೇ. ಈಗಿನ ಶೋಗಳಲ್ಲಿ ಎಲ್ಲರಿಗೂ ಎದ್ದು ನಿಂತು ಚಪ್ಪಾಳೆ. ಐದು ವರ್ಷದ ಮಗು ತಾಳ ತಪ್ಪಿದರೂ "ಅದ್ಭುತ". ಅದೂ ಮೋಸ ತಾನೇ?

ಪದ್ಮಾ, ಹನುಮಂತನಗರ
ಮೋಸವೇ. ಅಂಥ ಚಪ್ಪಾಳೆ ಕೇಳಿ ಬಂದ ಮಕ್ಕಳು ನನ್ನ ಹತ್ತಿರ ಸರಳೆ ವರಸೆ ಹಾಡಲು ಒಪ್ಪುವುದಿಲ್ಲ. ಆದರೆ ನಡುವಿನ ದಾರಿ ನಮ್ಮಲ್ಲೇ ಇತ್ತು. "ಎದೆ ತುಂಬಿ ಹಾಡುವೆನು" ನೆನಪಿದೆಯಾ? ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರು ತಪ್ಪಿದ ಸಾಲನ್ನು ತಾವೇ ಹಾಡಿ ತೋರಿಸುತ್ತಿದ್ದರು, ಆ ಪದಕ್ಕೆ ಯಾಕೆ ಒತ್ತು ಬೇಕು ಅಂತ ಹೇಳುತ್ತಿದ್ದರು. ತಿದ್ದಿದ್ದು ಕೇಳುವವರಿಗೂ ಕಿವಿಗೆ ಗೊತ್ತಾಗುತ್ತಿತ್ತು. ನಮ್ಮ ಮನೆಯಲ್ಲಿ ಅದಕ್ಕೆ ಕುಕ್ಕರ್ ಕೂಡ ಆರಿಸಿ ಕೂರುತ್ತಿದ್ದೆವು.

ಗಿರಿಧರ, ಚಿಕ್ಕಲಸಂದ್ರ
ಟೀಚರ್, ನಿಮ್ಮ ಮಾತು ಸರಿ. ನಮ್ಮ ಕಷ್ಟ ಪ್ರೋಮೋದಲ್ಲಿ. ಅದಕ್ಕೆ ಇಪ್ಪತ್ತು ಮೂವತ್ತು ಸೆಕೆಂಡ್ ಸಿಗುತ್ತದೆ. ಉಸಿರಿನ ಜಾಗ ವಿವರಿಸಿ, ಹುಡುಗಿ ಮತ್ತೆ ಹಾಡಿ, ಸರಿ ಬಂದಿದ್ದನ್ನು ತೋರಿಸಲು ಕಡಿಮೆ ಅಂದರೂ ಎರಡು ನಿಮಿಷ ಬೇಕು. ಬೈಗುಳಕ್ಕೆ ನಾಲ್ಕು ಸೆಕೆಂಡ್ ಸಾಕು. ಫೋನಿನಲ್ಲಿ ಓಡಾಡುವುದೂ ಆ ನಾಲ್ಕು ಸೆಕೆಂಡೇ. ಇದಕ್ಕೆ ನನ್ನ ಹತ್ತಿರ ಪರಿಹಾರ ಇಲ್ಲ.

ವಿನುತಾ ಅವರೇ, ಮಗನ ಜೊತೆ ಆ ಎಪಿಸೋಡ್ ಇನ್ನೊಮ್ಮೆ ನೋಡಿ. ಜಡ್ಜ್ ನಗುವ ಶಾಟ್ ಬಂದಾಗ ಮೇಜಿನ ಮೇಲಿನ ನೀರಿನ ಲೋಟ ಗಮನಿಸಿ. ಮಾತು ಕೇಳಿಸುವಾಗ ಮಾತಾಡುವವರ ತುಟಿ ಕಾಣುತ್ತಿದೆಯಾ ನೋಡಿ.

ನಾಗರಾಜ್, ಕೆಂಗೇರಿ
ಪದ್ಮಾ ಮೇಡಂ, ನನ್ನ ಮಗಳಿಗೆ ಯಾವ ಮನೆ ಶ್ರುತಿ ಅಂತಲೇ ನಮಗೆ ಗೊತ್ತಿಲ್ಲ. ಮೊಬೈಲ್‌ನಲ್ಲಿ ಬರುವ ಕರೋಕೆಗೆ ಹಾಡುತ್ತಾಳೆ. ಆಡಿಷನ್ ಆಮೇಲೆ ನೋಡೋಣ. ಒಂದು ಸಲ ಕರೆದುಕೊಂಡು ಬರಲೇ?

ಪದ್ಮಾ, ಹನುಮಂತನಗರ
ಶನಿವಾರ ಸಂಜೆ ಬನ್ನಿ. ಅವಳಿಗೆ ಚೆನ್ನಾಗಿ ಬರುವ ಹಾಡು ಒಂದು, ಕಷ್ಟವಾಗುವ ಹಾಡು ಒಂದು ಇರಲಿ.

ಕಿರಣ್, ವಿಜಯನಗರ
ಬೈಸಿಕೊಂಡು, ಛಲಕ್ಕೆ ಬಿದ್ದು ಮೇಲೆ ಬಂದವರು ಇಲ್ಲವೇ ಇಲ್ಲ ಅಂತ ಮಾತ್ರ ನಾನು ಒಪ್ಪುವುದಿಲ್ಲ. ನನ್ನ ಕ್ರಿಕೆಟ್ ಕೋಚ್ ಬೈದೇ ಬೆಳೆಸಿದರು.

ಅನಿತಾ, ರಾಜಾಜಿನಗರ
ಇದ್ದಾರೆ. ಯಾರು ಛಲಕ್ಕೆ ಬೀಳುತ್ತಾರೆ, ಯಾರು ಬಾಯಿ ಮುಚ್ಚುತ್ತಾರೆ ಅಂತ ಬೈಯುವ ಮೊದಲು ಗೊತ್ತಾಗುವುದಿಲ್ಲ. ನಿಮ್ಮ ಕೋಚ್ ಮಾರನೇ ದಿನವೂ ನೆಟ್‌ಗೆ ಬಂದು ನಿಮ್ಮ ಪಕ್ಕ ನಿಂತಿದ್ದರು ಅಲ್ವಾ?

ವಿನುತಾ, ಜೆ.ಪಿ. ನಗರ
ನೋಡಿದೆವು. ಹುಡುಗಿ ಹಾಡುವಾಗ ಲೋಟ ಅರ್ಧ ಖಾಲಿ. ಜಡ್ಜ್ ನಗುವಾಗ ಪೂರ್ತಿ ತುಂಬಿದೆ. "ಮನೆ ಖಾಲಿ ಮಾಡುತ್ತಾರೆ" ಎನ್ನುವಾಗ ಪರದೆ ಮೇಲೆ ಇದ್ದದ್ದು ಹುಡುಗಿಯ ಮುಖ, ಜಡ್ಜ್ ಮುಖ ಕಾಣುವುದೇ ಇಲ್ಲ. ಮಗ ರಿಮೋಟ್ ಹಿಡಿದು ಆ ಜಾಗವನ್ನು ಆರು ಸಲ ಹಿಂದೆ ಮುಂದೆ ಮಾಡಿದ. ಆಮೇಲೆ ಅವನು ಕೇಳಿದ್ದು: "ಹಾಗಾದರೆ ಅವಳ ಅಮ್ಮ ಅತ್ತಿದ್ದು ಯಾವಾಗ?"

ಗಿರಿಧರ, ಚಿಕ್ಕಲಸಂದ್ರ
ಅದನ್ನು ಆ ದಿನ ಆ ಟೇಬಲ್‌ನಲ್ಲಿ ಕೂತಿದ್ದವರೇ ಹೇಳಬೇಕು. ಬಿಸಿಲಲ್ಲಿ ಆರು ಗಂಟೆ ಕ್ಯೂ ನಿಂತ ತಾಯಂದಿರು ಮಕ್ಕಳು ಒಳಗೆ ಹೋಗುವ ಮೊದಲೇ ಅಳುವುದನ್ನು ನಾನು ನೋಡಿದ್ದೇನೆ. ಅಂಥ ಶಾಟ್ ಒಂದನ್ನು ನಾನೂ ಕೊನೆಗೆ ತಂದು ಜೋಡಿಸಿದ್ದೇನೆ.