‘ಒಟ್ಟು ಸಂಬಳ’ ಅಂದರೆ ಯಾವ ಒಟ್ಟು?

ತಂಗಿಯ ಮಗಳು ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ್ದಾಳೆ. ಆಫರ್ ಲೆಟರ್‌ನಲ್ಲಿ ಸಿಟಿಸಿ ತಿಂಗಳಿಗೆ 60,000, ಅದರಲ್ಲಿ ಬೇಸಿಕ್ 30,000. ಪಿಎಫ್ 3,600, ವೃತ್ತಿ ತೆರಿಗೆ 200 ಕಳೆದರೆ 56,200 ಬರಬೇಕಲ್ಲ? ಖಾತೆಗೆ ಬಂದದ್ದು 51,157. ಪೇಸ್ಲಿಪ್‌ನಲ್ಲಿ ಗ್ರಾಸ್ 54,957 ಎಂದಿದೆ. ಸಿಟಿಸಿಗೂ ಗ್ರಾಸ್‌ಗೂ ನಮ್ಮಲ್ಲಿ ‘ಒಟ್ಟು ಸಂಬಳ’ ಎಂದೇ ಹೇಳುತ್ತಾರೆ. ಬೇರೆ ಬೇರೆ ಪದ ಯಾರಾದರೂ ಬಳಸಿದ್ದೀರಾ?
— ಸು.

ಸಿಟಿಸಿ ಅಂದರೆ ಕಂಪನಿಗೆ ಬೀಳುವ ಖರ್ಚು, ಅದು ಸಂಬಳ ಅಲ್ಲವೇ ಅಲ್ಲ. ಕಮ್ಮಿ ಬಂದ 5,043 ಟಿಡಿಎಸ್ ಇರಬೇಕು. ‘ಮೂಲದಲ್ಲಿ ತೆರಿಗೆ ಕಡಿತ’ ಅನ್ನುತ್ತಾರಲ್ಲ, ಮೂಲ ವೇತನದ ಮೇಲೆ ಹಿಡಿಯೋದು.
— ರಾ. ಭ.

ರಾ. ಭ. ಅವರೆ, ಮೊದಲ ಮಾತು ಸರಿ. ಆದರೆ ಆ ‘ಮೂಲ’ಕ್ಕೂ ಬೇಸಿಕ್‌ಗೂ ಸಂಬಂಧವಿಲ್ಲ. ದುಡ್ಡು ಹೊರಡುವ ಕಡೆಯಲ್ಲೇ ಹಿಡಿಯುವುದರಿಂದ ಆ ಹೆಸರು. ಟಿಡಿಎಸ್ ಲೆಕ್ಕ ಹಾಕುವುದು ಇಡೀ ವರ್ಷದ ಸಂಬಳ ಅಂದಾಜು ಮಾಡಿ. 2025-26ರ ಹೊಸ ಪದ್ಧತಿಯಲ್ಲಿ ಬರೀ ಸಂಬಳ ಇರುವವರಿಗೆ 12.75 ಲಕ್ಷದವರೆಗೆ ತೆರಿಗೆಯಿಲ್ಲ. ಈ ಹುಡುಗಿಗೆ ವರ್ಷಕ್ಕೆ ಏಳು ಲಕ್ಷವೂ ಆಗುವುದಿಲ್ಲ, ಹಾಗಾಗಿ ಆ ಸಾಲಿನಲ್ಲಿ ಸೊನ್ನೆಯೇ ಇರಬೇಕು.

5,043 ಹೋದದ್ದು ಬೇರೆ ಕಡೆ. ಕಂಪನಿ ಹಾಕುವ ಪಿಎಫ್ ಪಾಲು 3,600, ಗ್ರ್ಯಾಚುಟಿಗೆಂದು ಬೇಸಿಕ್‌ನ ಶೇ. 4.81, ಅಂದರೆ 1,443. ಎರಡನ್ನೂ 60,000ದೊಳಗೇ ಸೇರಿಸಿದ್ದಾರೆ. ತೆಗೆದರೆ ಗ್ರಾಸ್ 54,957. ಅದರಿಂದ ಅವಳ ಪಾಲಿನ ಪಿಎಫ್ 3,600, ವೃತ್ತಿ ತೆರಿಗೆ 200 ಕಳೆಯಿರಿ, 51,157 ಬರುತ್ತದೆ. ಆಫರ್ ಲೆಟರ್‌ನ ಕೊನೆಯ ಪುಟದ ಪಟ್ಟಿಯಲ್ಲಿ ಈ ಎರಡು ಸಾಲು ಇವೆಯೇ ನೋಡಿ. ಇಲ್ಲದಿದ್ದರೆ ಎಚ್‌ಆರ್‌ಗೆ ಮೇಲ್ ಹಾಕಿ ಕೇಳಬೇಕು, ಬಾಯಿಮಾತು ಬೇಡ.

ಇನ್ನೊಂದು: ಪೇಸ್ಲಿಪ್‌ನಲ್ಲಿ ಕಡಿತ ಕಂಡ ಮಾತ್ರಕ್ಕೆ ಹಣ ಕಟ್ಟಿದ್ದಾರೆ ಎಂದಲ್ಲ. ಮುಂದಿನ ತಿಂಗಳು 15ರೊಳಗೆ ಕಟ್ಟಬೇಕು. ಆಮೇಲೆ ಪಿಎಫ್ ಪಾಸ್‌ಬುಕ್‌ನಲ್ಲಿ ಎರಡೂ ಪಾಲು ಬಂದಿವೆಯೇ ನೋಡಿಕೊಳ್ಳಲಿ. ಕೆಲವು ಕಂಪನಿಗಳು ಬೇಸಿಕ್ ಎಷ್ಟೇ ಇರಲಿ, 15,000ಕ್ಕೆ ಮಾತ್ರ ಲೆಕ್ಕ ಹಾಕಿ 1,800 ಹಿಡಿಯುತ್ತವೆ, ಅದೂ ತಪ್ಪಲ್ಲ.
— ವೆಂ., ನಿವೃತ್ತ ಪೇರೋಲ್ ಗುಮಾಸ್ತ

ನಮ್ಮನೆಯವರು ಹಳೇ ಪದ್ಧತಿಯಲ್ಲಿದ್ದಾರೆ. ಬಾಡಿಗೆ ರಸೀದಿ ಹೊತ್ತಿಗೆ ಸರಿಯಾಗಿ ಕೊಡಲಿಲ್ಲ ಅಂತ ಫೆಬ್ರವರಿ, ಮಾರ್ಚ್ ಸಂಬಳದಲ್ಲಿ ಟಿಡಿಎಸ್ ಸಿಕ್ಕಾಪಟ್ಟೆ ಹಿಡಿದರು. ರಿಟರ್ನ್ಸ್ ಹಾಕಿದ ಮೇಲೆ ವಾಪಸ್ ಬಂತು. ಇವರದ್ದೂ ಅದೇ ಕಥೆ ಅಂದುಕೊಂಡೆ.
— ಗೀ.

ವೆಂ. ಅವರೆ, ಎರಡು ಸಾಲೂ ಸಿಕ್ಕವು, ಸಣ್ಣಕ್ಷರದಲ್ಲಿವೆ. ಸಿಟಿಸಿಗೆ ‘ಕಂಪನಿ ವೆಚ್ಚ’, ಗ್ರಾಸ್‌ಗೆ ‘ಕಡಿತಕ್ಕೆ ಮುಂಚಿನ ಸಂಬಳ’, ಮಿಕ್ಕಿದ್ದು ‘ಕೈಗೆ ಬರುವ ಸಂಬಳ’ ಎಂದರೆ ಹೇಗೆ?
— ಸು.

ಕೊನೆಯದು ಜನ ಆಡುವ ಮಾತೇ. ನಡುವಿನದು ಉದ್ದವಾಯಿತು, ಪೇಸ್ಲಿಪ್‌ನ ಕಾಲಂನಲ್ಲಿ ಹಿಡಿಸುವುದಿಲ್ಲ. ‘ಕಂಪನಿ ವೆಚ್ಚ’ ಅಂದರೆ ಕರೆಂಟ್ ಬಿಲ್ಲೂ ಅದರೊಳಗೆ ಬಂತೇನೋ ಅನ್ನಿಸುತ್ತೆ. ಬೇರೆ ಯಾವುದಾದರೂ ಹೊಳೆದರೆ ಬರೆಯಿರಿ.
— ವೆಂ.