ಮಗಳು ಈಗ ಅಳೋದೇ ಇಲ್ಲ, ಅಭ್ಯಾಸ ಆಗಿದೆ ಅಂತ ಬಿಡಬಹುದಾ?

ಪ್ರಶ್ನೆ (ಹಾಸನದ ತಾಯಿ): ಮೇಡಂ, ಮಗಳಿಗೆ 11 ವರ್ಷ, ಆರನೇ ಕ್ಲಾಸು. ಮೂರನೇ ಕ್ಲಾಸಿಂದ ನಾಲ್ಕೈದು ಮಕ್ಕಳು ಅವಳನ್ನ "ಕಾಗೆ" ಅಂತಾರೆ. ಪಾಠ ಓದೋಕೆ ಎದ್ದರೆ ಹಿಂದಿನ ಬೆಂಚಿಂದ "ಕಾ ಕಾ" ಶುರು. ಮೊದಲೆಲ್ಲ ಅಳ್ತಾ ಮನೆಗೆ ಬರೋಳು. ಒಂದು ವರ್ಷದಿಂದ ಅಳಲ್ಲ, ಹೇಳೋದೂ ಇಲ್ಲ. ಅವಳಿಗೆ ಅಭ್ಯಾಸ ಆಗಿದೆ, ದೊಡ್ಡದು ಮಾಡಬೇಡ ಅಂತಾರೆ ಯಜಮಾನರು. ಆದ್ರೆ ಏಪ್ರಿಲ್ ಬಿಸಿಲಲ್ಲೂ ಸ್ವೆಟರ್ ತೆಗೆಯಲ್ಲ, ಫೋಟೋಗೆ ನಿಲ್ಲಲ್ಲ, ಸ್ಕೂಲ್ ಡೇ ಡ್ಯಾನ್ಸೂ ಬಿಟ್ಟಳು. ನಾವು ಮಧ್ಯೆ ಹೋಗಬೇಕಾ?

ಮಕ್ಕಳ ಮನಶ್ಶಾಸ್ತ್ರಜ್ಞೆ: ಹೋಗಬೇಕಮ್ಮ, ಈಗಲೇ. ಅವಳು ಅಳೋದು ನಿಲ್ಲಿಸಿದ್ದೇ ನನಗೆ ಹೆಚ್ಚು ಯೋಚನೆಗೆ ಹಚ್ಚಿದ ವಿಷಯ. ಅಳುವ ಮಗು ಒಳಗೊಳಗೇ "ಇದು ಅನ್ಯಾಯ" ಅಂತ ಇನ್ನೂ ವಾದ ಮಾಡ್ತಿರುತ್ತೆ. ಅಳು ನಿಂತು, ಅದರ ಜೊತೆಗೇ ಸ್ವೆಟರ್ ಬಂತು, ಫೋಟೋ ಹೋಯಿತು, ಡ್ಯಾನ್ಸ್ ಹೋಯಿತು ಅಂದರೆ, ಅವರು ಹೇಳಿದ್ದನ್ನ ಮಗು ಒಪ್ಪಿಕೊಂಡಿರುವ ಸಾಧ್ಯತೆ ಹೆಚ್ಚು.

ಇದು ಹೇಗಾಗುತ್ತೆ ಅಂತ ಹೇಳ್ತೀನಿ. ಐದಾರು ವರ್ಷದ ಮಗುವನ್ನ "ನೀನು ಯಾರು?" ಅಂತ ಕೇಳಿ. "ನಾನು ಜೋರಾಗಿ ಓಡ್ತೀನಿ, ನಮ್ಮನೇಲಿ ನಾಯಿ ಇದೆ" ಅನ್ನುತ್ತೆ. ಏಳೆಂಟು ವರ್ಷದ ಹೊತ್ತಿಗೆ ಪಕ್ಕದವರ ಜೊತೆ ತನ್ನನ್ನ ತೂಗಿ ನೋಡೋದು ಶುರುವಾಗುತ್ತೆ, "ಒಟ್ಟಾರೆ ನಾನು ಎಂಥವಳು" ಅನ್ನೋ ತೀರ್ಮಾನವೂ ಆಗಲೇ ಮೂಡೋದು. ನಿಮ್ಮ ಮಗಳಿಗೆ "ಕಾಗೆ" ಅನ್ನೋ ಮಾತು ಬಿದ್ದಿದ್ದು ಸರಿಯಾಗಿ ಆ ಹೊತ್ತಲ್ಲೇ.

ಆದರೆ ಮಾತಿಗಿಂತ ಹೆಚ್ಚು ಪೆಟ್ಟು ಕೊಡೋದು ತಪ್ಪಿಸಿಕೊಳ್ಳೋ ಅಭ್ಯಾಸ. ನಗ್ತಾರೆ ಅಂತ ಡ್ಯಾನ್ಸ್ ಬಿಡ್ತಾಳೆ. ಡ್ಯಾನ್ಸಲ್ಲಿ ಇದ್ದಿದ್ದರೆ ಯಾರೋ ನಾಲ್ಕು ಜನ ಚಪ್ಪಾಳೆ ತಟ್ಟೋರು, ಇಬ್ಬರು ಹೊಸ ಗೆಳತಿಯರು ಸಿಗೋರು. ಅದು ಯಾವುದೂ ಈಗ ಆಗಲ್ಲ. ಹಾಗಾಗಿ ಅವಳ ಹತ್ತಿರ ತನ್ನ ಬಗ್ಗೆ ಉಳಿಯೋ ಸಾಕ್ಷಿ ಒಂದೇ, ಹಿಂದಿನ ಬೆಂಚಿನದು. ವರ್ಷಗಟ್ಟಲೆ ಹೀಗೇ ನಡೆದರೆ ಚುಡಾಯಿಸೋರು ಊರು ಬಿಟ್ಟು ಹೋದರೂ ಆ ತೀರ್ಮಾನ ಉಳಿದುಬಿಡುತ್ತೆ. ಬ್ರಿಟನ್ನಿನಲ್ಲಿ 1958ರ ಒಂದೇ ವಾರದಲ್ಲಿ ಹುಟ್ಟಿದ ಸಾವಿರಾರು ಮಕ್ಕಳನ್ನ ದಶಕಗಟ್ಟಲೆ ಗಮನಿಸಿದ್ದಾರೆ. 7 ಮತ್ತು 11ನೇ ವಯಸ್ಸಲ್ಲಿ ಪದೇಪದೇ ಪೀಡನೆಗೆ ಸಿಕ್ಕಿದ್ದವರಲ್ಲಿ 45ರ ವಯಸ್ಸಿನಲ್ಲೂ ಖಿನ್ನತೆ, ಆತಂಕ ಹೆಚ್ಚಾಗಿ ಕಂಡವು. ಎಲ್ಲರಿಗೂ ಹಾಗಾಗುತ್ತೆ ಅಂತಲ್ಲ, ತಾನಾಗೇ ಸರಿಹೋಗುತ್ತೆ ಅಂತ ಕಾಯೋದು ಬೇಡ ಅಂತ.

ಮೊದಲು ಒಂದು ಕೆಲಸ ಮಾಡಿ. ಎದುರು ಕೂರಿಸಿ ವಿಚಾರಣೆ ಬೇಡ. ಅವರೆಕಾಯಿ ಸುಲಿಯುವಾಗಲೋ ತಲೆ ಬಾಚುವಾಗಲೋ ಒಂದೇ ಪ್ರಶ್ನೆ ಕೇಳಿ: "ಅವರು ಯಾಕೆ ಹಾಗಂತಾರೆ ಅಂತ ನಿಂಗನ್ಸುತ್ತೆ?" "ಅವರು ಎಲ್ಲರಿಗೂ ಏನೋ ಒಂದು ಅಂತಾರೆ" ಅಂದರೆ ತಪ್ಪನ್ನ ಇನ್ನೂ ಅವರ ಮೇಲೇ ಇಟ್ಟಿದ್ದಾಳೆ ಅಂತ ಅರ್ಥ. "ನಾನು ಇರೋದೇ ಹಾಗಲ್ವಾ" ಅಂದರೆ ತಪ್ಪು ಅವಳೊಳಗೆ ಹೋಗಿ ಕೂತಿದೆ. ಉತ್ತರ ಏನೇ ಬಂದರೂ ತಕ್ಷಣ ತಿದ್ದಬೇಡಿ. ಇಲ್ಲಿ ಬಂದು ಬರೆಯಿರಿ.

ದಾವಣಗೆರೆಯ ತಂದೆ: ನಮ್ಮ ಕಾಲದಲ್ಲಿ ಅಡ್ಡಹೆಸರು ಇಲ್ಲದವರೇ ಇರಲಿಲ್ಲ. ಕುಂಟ, ಬುಡ್ಡ, ಸೊಟ್ಟಮೂಗ ಅಂತ ಕರೆದು ಕರೆದೇ ಗೆಳೆಯರಾದ್ವಿ. ಎಲ್ಲದಕ್ಕೂ ಅಪ್ಪ ಅಮ್ಮ ಓಡಿಹೋದರೆ ಮಕ್ಕಳು ಗಟ್ಟಿಯಾಗೋದು ಯಾವಾಗ? ನೀನೂ ಒಂದು ಹೆಸರಿಟ್ಟು ಕರಿ ಅಂತ ಹೇಳಿಕೊಡಿ ಸಾಕು.

ಮಕ್ಕಳ ಮನಶ್ಶಾಸ್ತ್ರಜ್ಞೆ: ಸರ್, ಅರ್ಧ ಮಾತು ನಿಜ. ಇಬ್ಬರೂ ಒಬ್ಬರಿಗೊಬ್ಬರು ಹೆಸರಿಟ್ಟು, ಒಬ್ಬ "ಸಾಕು ಕಣೋ" ಅಂದಾಗ ಇನ್ನೊಬ್ಬ ನಿಲ್ಲಿಸಿದರೆ ಅದು ಆಟ, ದೊಡ್ಡವರು ತಲೆಹಾಕಬಾರದು. ಇಲ್ಲಿ ಒಬ್ಬಳ ಎದುರು ಐದು ಜನ, ಮೂರು ವರ್ಷ, ಬೇಡ ಅಂದರೂ ನಿಂತಿಲ್ಲ. ತಿರುಗಿ ಬೈದರೆ ಐದೂ ಜನಕ್ಕೆ ಹೊಸ ತಮಾಷೆ ಸಿಗುತ್ತೆ, ಟೀಚರ್ ಕಿವಿಗೆ ಬೀಳೋದು ಇವಳ ಬೈಗುಳ ಮಾತ್ರ.

ತುಮಕೂರಿನ ಸದಸ್ಯೆ: ಅಕ್ಕ, ಕಡಲೆಹಿಟ್ಟು, ಕೆನೆಮೊಸರು, ಚಿಟಿಕೆ ಅರಿಶಿನ ಕಲಸಿ ವಾರಕ್ಕೆ ಮೂರು ಸಲ ಹಚ್ಚಿ. ಮೂರು ತಿಂಗಳಲ್ಲಿ ಬಣ್ಣ ತಿಳಿಯಾಗುತ್ತೆ.

ಮಕ್ಕಳ ಮನಶ್ಶಾಸ್ತ್ರಜ್ಞೆ: ಪ್ರೀತಿಯಿಂದ ಹೇಳಿದ್ದೀರಿ ಅಂತ ಗೊತ್ತು. ಆದರೆ ಈ ಹಿಟ್ಟನ್ನ ಅಮ್ಮನೇ ಕಲಸಿ ಕೊಟ್ಟ ದಿನ, ಹಿಂದಿನ ಬೆಂಚಿನವರು ಹೇಳಿದ್ದು ಸರಿ ಅಂತ ಮನೆಯೂ ಒಪ್ಪಿದ ಹಾಗಾಗುತ್ತೆ. ದಯವಿಟ್ಟು ಬೇಡ.

ಔಷಧಿ ಅಂಗಡಿಯ ಫಾರ್ಮಸಿಸ್ಟ್: ಇದಕ್ಕೆ ಒಂದು ಸೇರಿಸ್ತೀನಿ. ಈ ವಯಸ್ಸಿನ ಮಕ್ಕಳು ಬೆಳ್ಳಗಾಗೋಕೆ ಅಂತ ಗುಟ್ಟಾಗಿ ಕ್ರೀಮ್ ಹಚ್ಚೋದುಂಟು. ಶಾಲೆಚೀಲದಲ್ಲೋ ಹಾಸಿಗೆ ಕೆಳಗೋ ಟ್ಯೂಬ್ ಸಿಕ್ಕರೆ ಹಿಂದಿನ ಅಕ್ಷರ ಓದಿ. ಬೆಟಾಮೆಥಾಸೋನ್, ಕ್ಲೋಬೆಟಾಸಾಲ್, ಮೊಮೆಟಾಸೋನ್ ಅಂತಿದ್ದರೆ ಅದು ಸ್ಟೀರಾಯ್ಡ್. ಇಂಥವನ್ನ ಚೀಟಿ ಇಲ್ಲದೆ ಮಾರಬಾರದು ಅಂತ 2018ರಲ್ಲೇ ನಿಯಮ ಬಿಗಿ ಮಾಡಿದ್ದಾರೆ, ಆದರೂ ಕೈಗೆ ಸಿಗುತ್ತೆ. ಮೊದಲ ವಾರಗಳಲ್ಲಿ ಮುಖ ತಿಳಿಯಾದಂತೆ ಕಾಣುತ್ತೆ. ಆಮೇಲೆ ಚರ್ಮ ತೆಳುವಾಗಿ ಮೊಡವೆ, ಕೂದಲು ಬರುತ್ತೆ, ನಿಲ್ಲಿಸಿದರೆ ಕೆಂಪಾಗಿ ಉರಿಯುತ್ತೆ. ಬೈಯಬೇಡಿ, ಟ್ಯೂಬ್ ಸಮೇತ ಚರ್ಮದ ವೈದ್ಯರ ಹತ್ತಿರ ಕರ್ಕೊಂಡು ಹೋಗಿ.

ಹಾಸನದ ತಾಯಿ: ಕೇಳಿದೆ ಮೇಡಂ. "ನಾನು ಇರೋದೇ ಹಾಗಲ್ವಾ ಅಮ್ಮ, ಅಜ್ಜಿನೂ ಅಂತಾರಲ್ಲ" ಅಂದಳು. ನಮ್ಮತ್ತೆ ಅವಳನ್ನ ಮುದ್ದಿಗೆ "ಕರಿಯಮ್ಮ" ಅಂತಾರೆ. ನಾನೂ ನೆಂಟರ ಮುಂದೆ "ಕಪ್ಪಾದ್ರೂ ಲಕ್ಷಣವಾಗಿದ್ದಾಳೆ" ಅಂದಿದ್ದೀನಿ.

ಮಕ್ಕಳ ಮನಶ್ಶಾಸ್ತ್ರಜ್ಞೆ: ಮುಚ್ಚಿಡದೆ ಬರೆದಿರಿ, ಅದರಿಂದ ದಾರಿ ಸುಲಭ ಆಯ್ತು. ಆ ವಾಕ್ಯದಲ್ಲಿ ಚುಚ್ಚೋದು "ಆದ್ರೂ" ಅನ್ನೋ ಪದ. ಕಪ್ಪು ಒಂದು ಕೊರತೆ, ಅದನ್ನ ಬೇರೇನೋ ತುಂಬಿಸಿಕೊಡ್ತು ಅಂತ ಅದು ಹೇಳುತ್ತೆ. ಇವತ್ತಿಂದ ಮನೆಯಲ್ಲಿ ಬಣ್ಣದ ಮಾತು ನಿಲ್ಲಲಿ, ಹೊಗಳಿಕೆಯ ರೂಪದಲ್ಲೂ ಬೇಡ. "ನೀನೇ ಲೋಕಸುಂದರಿ" ಅಂತ ಶುರು ಮಾಡಿದರೂ ಅವಳು ನಂಬಲ್ಲ. ಅಮ್ಮ ಸಮಾಧಾನಕ್ಕೆ ಹೇಳ್ತಾಳೆ ಅಂದುಕೊಂಡು ಇನ್ನಷ್ಟು ಮುಚ್ಚಿಕೊಳ್ತಾಳೆ. ಕಣ್ಣಾರೆ ಕಂಡಿದ್ದನ್ನ ಹೇಳಿ: "ತಮ್ಮನಿಗೆ ಭಾಗಾಕಾರ ನಾಲ್ಕು ಸಲ ಹೇಳಿಕೊಟ್ಟೆ, ಒಂದು ಸಲವೂ ರೇಗಲಿಲ್ಲ." ಅತ್ತೆಯವರಿಗೆ ನಿಮ್ಮ ಯಜಮಾನರೇ ಹೇಳಲಿ, ಮಗಳಿಲ್ಲದಾಗ. "ಆ ಹೆಸರಿಂದ ಶಾಲೆಯಲ್ಲಿ ಅವಳನ್ನ ಹಂಗಿಸ್ತಾರೆ, ನಾವು ಬೇರೆ ಹೆಸರಿಂದ ಕರೆಯೋಣ ಅಮ್ಮ" ಅಂತ.

ಶಾಲೆಗೆ ಹೋಗೋ ಮೊದಲು ಎರಡು ವಾರ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ತಾರೀಕು, ಯಾವ ಪೀರಿಯಡ್ ಅಥವಾ ಯಾವ ಜಾಗ, ಅಂದ ಮಾತು ಇದ್ದ ಹಾಗೇ, ಯಾರಿದ್ದರು, ಆಮೇಲೆ ಇವಳೇನು ಮಾಡಿದಳು. ದಿನಾ ಕೆದಕಬೇಡಿ, ವಾರಕ್ಕೆ ಎರಡು ಸಲ ಸಾಕು. ದೂರು ಕೊಟ್ಟರೆ ಏನಾಗುತ್ತೆ ಅನ್ನೋ ಭಯ ಅವಳಿಗಿರುತ್ತೆ. "ನಿನಗೆ ಹೇಳದೆ ನಾನು ಯಾರ ಹತ್ರಾನೂ ಮಾತಾಡಲ್ಲ" ಅಂತ ಮಾತು ಕೊಟ್ಟು, ಉಳಿಸಿಕೊಳ್ಳಿ. ಆ ಮಕ್ಕಳ ಅಪ್ಪ ಅಮ್ಮನನ್ನ ಗೇಟಿನ ಹತ್ತಿರ ಹಿಡಿದು ಕೇಳಬೇಡಿ; ಅವರು ತಮ್ಮ ಮಗುವಿನ ಪರವೇ ನಿಲ್ತಾರೆ, ವಿಷಯ ದೊಡ್ಡವರ ಜಗಳವಾಗಿ ಮುಗಿಯುತ್ತೆ.

ನಿವೃತ್ತ ಶಿಕ್ಷಕರು: ಶಾಲೆಯ ಕಡೆಯದ್ದು ನಾನು ಹೇಳ್ತೀನಿ. "ನನ್ನ ಮಗಳಿಗೆ ಕಾಟ ಕೊಡ್ತಾರೆ" ಅಂತಷ್ಟೇ ಹೇಳಿದರೆ ಕ್ಲಾಸ್ ಟೀಚರ್ ಮರುದಿನ ಇಡೀ ತರಗತಿಗೆ ಬೈದು ಸುಮ್ಮನಾಗ್ತಾರೆ. ಇಲ್ಲವೇ ಎಲ್ಲರ ಮುಂದೆ "ಸಾರಿ ಕೇಳು, ಕೈ ಕುಲುಕು" ಅಂತಾರೆ. ಇವೆರಡರಿಂದಲೂ ಕಾಟ ಹೆಚ್ಚಾಗುತ್ತೆ, ಆದರೆ ವರಾಂಡಕ್ಕೆ, ಬಸ್ಸಿಗೆ ಸರಿಯುತ್ತೆ. ನಿಮ್ಮ ನೋಟ್‌ಬುಕ್ ತೋರಿಸಿ ಮೂರೇ ವಿಷಯ ಕೇಳಿ. ಹಿಂದಿನ ಬೆಂಚಿನ ಐವರನ್ನ ಬೇರೆಬೇರೆ ಸಾಲಿಗೆ ಕೂರಿಸೋದು, ಅದೂ ಇಡೀ ತರಗತಿಯ ಜಾಗ ಬದಲಿಸೋ ನೆಪದಲ್ಲಿ. ಐವರನ್ನೂ ಒಬ್ಬೊಬ್ಬರನ್ನಾಗಿ ಕರೆದು ಮಾತಾಡೋದು; ಗುಂಪಾಗಿ ಕರೆದರೆ ಅಲ್ಲೂ ನಗ್ತಾರೆ. ಮೂರನೆಯದು, ಏನೇ ಆದರೂ ಮಗು ನೇರವಾಗಿ ಹೋಗಬಹುದಾದ ಒಬ್ಬ ಟೀಚರ್ ಹೆಸರು. ಎರಡು ವಾರ ಬಿಟ್ಟು ಮತ್ತೆ ಬರ್ತೀನಿ ಅಂತ ತಾರೀಕು ಹಾಕಿಸಿಕೊಂಡೇ ಏಳಿ. ಬದಲಾವಣೆ ಇಲ್ಲದಿದ್ದರೆ ಮುಖ್ಯ ಶಿಕ್ಷಕರಿಗೆ ಲಿಖಿತ ಅರ್ಜಿ ಕೊಟ್ಟು, ನಕಲಿನ ಮೇಲೆ ಸ್ವೀಕೃತಿ ಸಹಿ ಪಡೆಯಿರಿ. ಟೀಚರೇ ಬಣ್ಣ ಹಿಡಿದು ಮಾತಾಡ್ತಿದ್ದರೆ, ಶಿಕ್ಷಣ ಹಕ್ಕು ಕಾಯ್ದೆ 2009ರ 17ನೇ ಸೆಕ್ಷನ್ ಮಕ್ಕಳಿಗೆ ಮಾನಸಿಕ ಹಿಂಸೆಯನ್ನೂ ನಿಷೇಧಿಸುತ್ತೆ ಅಂತ ಅದರಲ್ಲೇ ಬರೆಯಿರಿ.

ನನ್ನ ಕೇಳಿದರೆ ಮಗಳ ಕ್ಲಾಸಿನ ಸೆಕ್ಷನ್ ಬದಲಾಯಿಸೋದೇ ಸುಲಭ.

ಮಕ್ಕಳ ಮನಶ್ಶಾಸ್ತ್ರಜ್ಞೆ: ಸರ್ ಹೇಳಿದ ಮೂರೂ ಸರಿ. ಸೆಕ್ಷನ್ ವಿಷಯದಲ್ಲಿ ಮಾತ್ರ ನನಗೆ ಅನುಮಾನ. ಊಟದ ಡಬ್ಬಿ ಹಂಚಿಕೊಳ್ಳೋ ಒಬ್ಬ ಗೆಳತಿ ಆ ತರಗತಿಯಲ್ಲಿದ್ದರೆ ಅವಳನ್ನ ಕಳೆದುಕೊಳ್ಳೋದು ದೊಡ್ಡ ನಷ್ಟ. ಒಬ್ಬ ಒಳ್ಳೆಯ ಸ್ನೇಹಿತೆ ಇರೋ ಮಗುವಿಗೆ ಇಂಥ ಕಾಟದ ಪೆಟ್ಟು ಕಡಿಮೆ. ಜಾಗ ಬದಲಾಗಬೇಕಿದ್ದರೆ ಚುಡಾಯಿಸೋರದ್ದು ಬದಲಾಗಲಿ.

ಮೈಸೂರಿನ ತಾಯಿ: ನನ್ನ ಹತ್ತು ವರ್ಷದ ಮಗ ಇದರ ಇನ್ನೊಂದು ಕಡೆ ಇದ್ದಾನೆ. ಒಬ್ಬ ಹುಡುಗನ್ನ "ಡುಮ್ಮ" ಅಂತಿದ್ದ ಗುಂಪಲ್ಲಿ ಇದ್ದ ಅಂತ ಶಾಲೆಯಿಂದ ಕರೆ ಬಂತು. ತಾನು ಏನೂ ಅನ್ನಲಿಲ್ಲ, ನಕ್ಕೆ ಅಷ್ಟೇ ಅಂತಾನೆ. ಇದಕ್ಕೂ ಶಿಕ್ಷೆ ಕೊಡಬೇಕಾ?

ಮಕ್ಕಳ ಮನಶ್ಶಾಸ್ತ್ರಜ್ಞೆ: ಶಿಕ್ಷೆಗಿಂತ ಒಂದು ಕೆಲಸ ಕೊಡಿ. ಆ ನಗು ಇಲ್ಲದಿದ್ದರೆ ಅಂದವನ ಮಾತಿಗೆ ಬೆಲೆ ಇರಲ್ಲ ಅಂತ ತಿಳಿಸಿ. ಎಲ್ಲರ ಮುಂದೆ ಎದುರು ನಿಲ್ಲು ಅಂದರೆ ಅವನಿಗೆ ಕಷ್ಟ. ನಗದೆ ಇರೋದು, ಆಮೇಲೆ ಆ ಹುಡುಗನನ್ನ "ಬಾ, ಆಡೋಣ" ಅಂತ ಕರೆಯೋದು, ಇಷ್ಟು ಹತ್ತು ವರ್ಷದವನ ಕೈಲಿ ಆಗುತ್ತೆ. ಅವನನ್ನೇ ಗುಂಪು ಹಿಡಿದುಕೊಂಡರೆ ಏನು ಮಾಡೋದು ಅಂತ ಕೇಳ್ತಾನೆ. ಅದಕ್ಕೆ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ, ಟೀಚರ್ ಜೊತೆ ಸೇರಿಯೇ ನೋಡಬೇಕು.

ಹಾಸನದ ಅಮ್ಮ, ಶಾಲೆಯ ಕೆಲಸದ ಜೊತೆಜೊತೆಗೇ ಬಿಟ್ಟಿದ್ದನ್ನ ಮೆಲ್ಲಗೆ ಹಿಂದೆ ತರಬೇಕು. ಸ್ವೆಟರ್ ಮೊದಲು ಮನೆಯೊಳಗೆ ತೆಗೆಯಲಿ, ಆಮೇಲೆ ಅಂಗಡಿಗೆ ಹೋಗುವಾಗ, ಕೊನೆಗೆ ಶಾಲೆಯಲ್ಲಿ. ಒಂದೊಂದು ಮೆಟ್ಟಿಲು ಮೂರ್ನಾಲ್ಕು ಸಲ ಸಲೀಸಾದ ಮೇಲೇ ಮುಂದಿನದು, ಯಾವಾಗ ಅಂತ ಅವಳೇ ಹೇಳಲಿ. ಡ್ಯಾನ್ಸಿಗೆ ಶಾಲೆಯೇ ಬೇಕಿಲ್ಲ, ಈ "ಕಾಗೆ" ಕೇಳದ ಬೇರೆ ಬೀದಿಯ ಕ್ಲಾಸು ಒಳ್ಳೆಯದು. "ಕಾ ಕಾ" ಅಂದಾಗ ಓದೋದನ್ನ ನಿಲ್ಲಿಸಿ, ಟೀಚರ್ ಕಡೆ ತಿರುಗಿ "ಮಿಸ್, ಸದ್ದು ನಿಂತ ಮೇಲೆ ಓದ್ತೀನಿ" ಅಂತ ಒಂದೇ ವಾಕ್ಯ ಹೇಳೋದನ್ನ ಮನೆಯಲ್ಲಿ ದಿನಕ್ಕೆ ಐದು ನಿಮಿಷ ಅಭ್ಯಾಸ ಮಾಡಿಸಿ. ಆದರೆ ಟೀಚರಿಗೆ ಮೊದಲೇ ತಿಳಿಸಿರಬೇಕು. ಇಲ್ಲದಿದ್ದರೆ "ನೀನು ಓದಮ್ಮ" ಅಂದುಬಿಡ್ತಾರೆ, ಮಗು ಇನ್ನೊಂದು ಸಲ ಸೋಲುತ್ತೆ.

ಆರರಿಂದ ಎಂಟು ವಾರದಲ್ಲಿ ಒಂದು ಮೆಟ್ಟಿಲೂ ಮುಂದೆ ಹೋಗದಿದ್ದರೆ ಜಿಲ್ಲಾ ಆಸ್ಪತ್ರೆಯ ಮನೋವೈದ್ಯ ವಿಭಾಗಕ್ಕೆ ಅಥವಾ ನಿಮ್ಹಾನ್ಸ್‌ನ ಮಕ್ಕಳ ವಿಭಾಗಕ್ಕೆ ತೋರಿಸಿ. ಚರ್ಮ ಕೆಂಪಾಗೋ ಹಾಗೆ ಉಜ್ಜಿಕೊಳ್ಳೋದು, ಊಟ ಬಿಡೋದು, ಶಾಲೆಗೆ ಹೋಗಲ್ಲ ಅಂತ ಹಠ ಹಿಡಿಯೋದು ಕಂಡರೆ ಅಷ್ಟು ದಿನ ಕಾಯಬೇಡಿ. "ನಾನು ಇಲ್ಲದಿದ್ದರೇ ಚೆನ್ನಾಗಿತ್ತು" ಅನ್ನೋ ಮಾತು ಬಂದರೆ ಅವತ್ತೇ, ಅವಳನ್ನ ಒಂಟಿಯಾಗಿ ಬಿಡದೆ ವೈದ್ಯರ ಹತ್ತಿರ ಹೋಗಿ. ರಾತ್ರಿಯಾಗಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡ್ತಾರೆ.

ಹಾಸನದ ತಾಯಿ: ನೋಟ್‌ಬುಕ್ ಇವತ್ತಿಂದ ಶುರು ಮಾಡ್ತೀನಿ. ಯಜಮಾನರಿಗೆ ಇದನ್ನೆಲ್ಲ ಓದಿಸಿದೆ, ಅಮ್ಮನ ಹತ್ರ ಮಾತಾಡ್ತೀನಿ ಅಂದಿದ್ದಾರೆ. ಅತ್ತೆ ಒಪ್ಪದಿದ್ದರೆ ಮತ್ತೆ ಬರೆಯಬಹುದಾ ಮೇಡಂ?

ಮಕ್ಕಳ ಮನಶ್ಶಾಸ್ತ್ರಜ್ಞೆ: ಖಂಡಿತ ಬರೆಯಿರಿ. ಮೊದಲ ಸಲಕ್ಕೆ ಒಪ್ಪೋದು ಕಷ್ಟ, ಅವರಿಗೆ ಅದು ಮುದ್ದಿನ ಮಾತು. ಅವರು ಮರೆತು ಕರೆದಾಗ ಮಗಳ ಎದುರು ಜಗಳ ಬೇಡ. ನೀವು ಅವಳ ನಿಜವಾದ ಹೆಸರು ಹಿಡಿದು ಕರೆದು ಮಾತು ಮುಂದುವರಿಸಿ.